ಆ್ಯಪ್‌ನಲ್ಲಿ ನಮ್ಮದೇ ರೂಮು ನಮಗಿಂತ ಅಗ್ಗ: ರೇಟು ಇಳಿಸುತ್ತಿರುವವರು ಯಾರು, ಕೈಗೆ ಉಳಿಯುವುದೆಷ್ಟು?

ಮೈಸೂರು_14ರೂಮು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 14 ರೂಮಿನ ಹೋಟೆಲು, ಯಾವ ಚೈನ್‌ಗೂ ಸೇರಿದ್ದಲ್ಲ. ಸ್ಟ್ಯಾಂಡರ್ಡ್ ಡಬಲ್ ರೂಮಿಗೆ ಒಟಿಎ ಎಕ್ಸ್‌ಟ್ರಾನೆಟ್‌ನಲ್ಲಿ 3,000 ರೂಪಾಯಿ ಹಾಕಿದ್ದೇವೆ, ಇಬ್ಬರ ತಿಂಡಿ ಸೇರಿ, ಜಿಎಸ್‌ಟಿ ಬಿಟ್ಟು. ನಮ್ಮ ಸ್ವಂತ ವೆಬ್‌ಸೈಟ್‌ನಲ್ಲಿ 2,700. ಆದರೆ ಒಂದು ದೊಡ್ಡ ಆ್ಯಪ್‌ನಲ್ಲಿ ಅದೇ ರೂಮು ಅದೇ ದಿನಕ್ಕೆ 2,430 ತೋರಿಸುತ್ತಿದೆ. ಇನ್ನೊಂದು ವಿದೇಶಿ ಸೈಟಿನಲ್ಲಂತೂ 2,185. ಅವರ ಜೊತೆ ನಾವು ಒಪ್ಪಂದವನ್ನೇ ಮಾಡಿಕೊಂಡಿಲ್ಲ.

ಮೊದಲನೇ ಆ್ಯಪ್‌ನ ಕಮಿಷನ್ 20%. ಒಂದು ರಾತ್ರಿಯ ಬುಕಿಂಗಿಗೆ ಬ್ಯಾಂಕಿಗೆ ಬಂದದ್ದು 1,963.44. ಈ ಅಂಕಿ ಹೇಗೆ ಬಂತು ಎನ್ನುವುದೇ ತಿಳಿಯುತ್ತಿಲ್ಲ. ಇದರ ಮಧ್ಯೆ ಅದೇ ಆ್ಯಪ್‌ನ ಮಾರ್ಕೆಟ್ ಮ್ಯಾನೇಜರ್ ಮೇಲ್ ಹಾಕಿದ್ದಾರೆ: "ಬೇರೆ ಸೈಟಿನಲ್ಲಿ ನಿಮ್ಮ ರೇಟು ನಮಗಿಂತ ಕಡಿಮೆ ಇದೆ, ಪ್ಯಾರಿಟಿ ಸರಿಮಾಡಿ, ಇಲ್ಲದಿದ್ದರೆ ರ‍್ಯಾಂಕಿಂಗ್ ಬೀಳುತ್ತದೆ." ಆ್ಯಪ್‌ನವರು ತಾವೇ ಕೈಯಿಂದ ಹಾಕಿ ರೇಟು ಇಳಿಸುತ್ತಿದ್ದಾರೆ ಅಂತ ನನ್ನ ಅನುಮಾನ. ನಿಲ್ಲಿಸುವುದು ಹೇಗೆ?

ದರಪಟ್ಟಿ

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇವೆ. 2,430ರ ಕಾರಣವೇ ಬೇರೆ, 2,185ರ ಕಾರಣವೇ ಬೇರೆ. ಎರಡನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಬಗೆಹರಿಯುವುದಿಲ್ಲ.

ಮೊದಲು ಹೋಲಿಕೆ ಸರಿಯಾಗಿದೆಯಾ ನೋಡಿ. ಒಂದೇ ಚೆಕ್-ಇನ್ ದಿನಾಂಕ, ಇಬ್ಬರು ದೊಡ್ಡವರು, ಒಂದೇ ಮೀಲ್ ಪ್ಲಾನ್, ಒಂದೇ ಕ್ಯಾನ್ಸಲೇಶನ್ ನಿಯಮ. ಒಂದು ಕಡೆ ತಿಂಡಿ ಸೇರಿದ ಸಿಪಿ, ಇನ್ನೊಂದು ಕಡೆ ಬರೀ ರೂಮಿನ ಇಪಿ ಇಟ್ಟುಕೊಂಡು ಹೋಲಿಸಿದರೆ ಇನ್ನೂರು ಮುನ್ನೂರು ವ್ಯತ್ಯಾಸ ಬಂದೇ ಬರುತ್ತದೆ. ಕೆಲವು ಸೈಟುಗಳು ಮೊದಲ ಪುಟದಲ್ಲಿ ತೆರಿಗೆ ಬಿಟ್ಟ ರೇಟು ತೋರಿಸುತ್ತವೆ, ಕೆಲವು ಸೇರಿಸಿ ತೋರಿಸುತ್ತವೆ. ಹಾಗಾಗಿ ಹಣ ಕಟ್ಟುವ ಪುಟದವರೆಗೂ ಹೋಗಿ ನೋಡಬೇಕು. ಲಾಗಿನ್ ಆಗದೆ ಲ್ಯಾಪ್‌ಟಾಪಿನಲ್ಲಿ ಒಮ್ಮೆ, ಲಾಗಿನ್ ಆಗಿ ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ನೋಡಿ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಮಾತ್ರ ಕಡಿಮೆ ಇದ್ದರೆ ಅದು ಮೊಬೈಲ್ ರೇಟು ಅಥವಾ ಮೆಂಬರ್ ರೇಟು.

ಇನ್ನು ರೇಟು ಇಳಿಸುತ್ತಿರುವವರು ಯಾರು ಎಂಬುದಕ್ಕೆ ಊಹೆ ಬೇಡ, ನಿಮಗೆ ಬಂದ ವೋಚರ್‌ನಲ್ಲೇ ಉತ್ತರ ಇದೆ. ಎಕ್ಸ್‌ಟ್ರಾನೆಟ್‌ನಲ್ಲಿ ಆ ಬುಕಿಂಗ್ ತೆರೆದು ರೂಮ್ ಚಾರ್ಜ್ ಎಷ್ಟು ಬರೆದಿದೆ ನೋಡಿ. ಉದಾಹರಣೆಗೆ, ಅಲ್ಲಿ 2,700 ಇದ್ದು ಗೆಸ್ಟ್ ಕಟ್ಟಿದ್ದು 2,430 ಆಗಿದ್ದರೆ, ಆ 270 ಆ್ಯಪ್‌ನವರು ತಮ್ಮ ಕಮಿಷನ್ನಿನಿಂದ ಬಿಟ್ಟುಕೊಟ್ಟದ್ದು. ವೋಚರ್‌ನಲ್ಲೇ 2,430 ಇದ್ದರೆ ಆ ಡಿಸ್ಕೌಂಟು ನಿಮ್ಮದೇ. Promotions ಪುಟ ತೆರೆದು ಏನೇನು ಆನ್ ಇದೆ ಎಂದು ಬರೆಯಿರಿ. ಹೋಲ್‌ಸೇಲರ್, ಟೂರ್ ಆಪರೇಟರ್ ಯಾರಿಗಾದರೂ ನೆಟ್ ರೇಟು ಕೊಟ್ಟಿದ್ದರೆ ಅದನ್ನೂ ಹೇಳಿ.

ಗೋಕರ್ಣ_ಕಡಲು

ಪ್ಯಾರಿಟಿ ಮೇಲ್‌ಗೆ ಉತ್ತರವನ್ನೇ ಕೊಡಬೇಡಿ ಮಾರಾಯ್ರೆ. ಪ್ಯಾರಿಟಿ ಷರತ್ತು ಹಾಕುವಂತಿಲ್ಲ ಅಂತ 2022ರಲ್ಲೇ ಸ್ಪರ್ಧಾ ಆಯೋಗ ಹೇಳಿ ಆಗಿದೆ. ಭಾರತದಲ್ಲಿ ಯಾವ ಒಟಿಎಗೂ ಈಗ ಆ ಹಕ್ಕಿಲ್ಲ. ನಿಮ್ಮ ವೆಬ್‌ಸೈಟ್‌ನಲ್ಲಿ 2,200 ಹಾಕಿ, ಯಾರು ಕೇಳ್ತಾರೆ ನೋಡುವ.

ದರಪಟ್ಟಿ

ಗೋಕರ್ಣದವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. 2022ರ ಅಕ್ಟೋಬರ್ 19ರ ಆದೇಶ ಮೇಕ್‌ಮೈಟ್ರಿಪ್-ಗೋಐಬಿಬೊ ಮತ್ತು ಓಯೊ ವಿರುದ್ಧದ ಪ್ರಕರಣದಲ್ಲಿ ಬಂದದ್ದು. ಮೊದಲನೆಯವರಿಗೆ 223.48 ಕೋಟಿ, ಓಯೊಗೆ 168.88 ಕೋಟಿ ದಂಡ ಹಾಕಿದರು. ಹೋಟೆಲುಗಳ ಜೊತೆಗಿನ ಒಪ್ಪಂದದಿಂದ ರೇಟು ಮತ್ತು ರೂಮ್ ಲಭ್ಯತೆಯ ಪ್ಯಾರಿಟಿ ಷರತ್ತು ತೆಗೆಯಬೇಕೆಂದು ಮೇಕ್‌ಮೈಟ್ರಿಪ್-ಗೋಐಬಿಬೊಗೆ ಸೂಚಿಸಿದರು. ಅದು ಆ ಕಂಪನಿಗಳ ಮೇಲಿನ ಆದೇಶ. ಎಲ್ಲ ಒಟಿಎಗಳಿಗೂ ಅನ್ವಯಿಸುವ ಕಾನೂನು ಎಂದು ಓದಿಕೊಳ್ಳಬಾರದು. ಯುರೋಪಿನಲ್ಲಿ 2024ರಲ್ಲಿ ಬುಕಿಂಗ್ ಡಾಟ್ ಕಾಮ್ ಅಲ್ಲಿನ ಹೊಸ ಡಿಜಿಟಲ್ ಕಾನೂನಿನಿಂದಾಗಿ ಪ್ಯಾರಿಟಿ ಷರತ್ತು ಕೈಬಿಟ್ಟಿತು, ಆದರೆ ಅದು ಅಲ್ಲಿನ ಹೋಟೆಲುಗಳಿಗೆ. ಇಲ್ಲಿ ನೀವು ಸಹಿ ಹಾಕಿದ ಒಪ್ಪಂದದಲ್ಲಿ ಏನಿದೆ ಎಂದು ಓದಲೇಬೇಕು. ಸ್ವಂತ ವೆಬ್‌ಸೈಟಿಗೆ ಮಾತ್ರ ಅನ್ವಯಿಸುವ ಷರತ್ತೋ, ಬೇರೆ ಒಟಿಎಗಳಿಗೂ ಅನ್ವಯಿಸುವಂಥದ್ದೋ, ಅಲ್ಲಿ ಬರೆದಿರುತ್ತದೆ.

ಇನ್ನೊಂದು ಮಾತು. ಷರತ್ತು ಇಲ್ಲದಿದ್ದರೂ ಲಿಸ್ಟಿಂಗ್ ಕೆಳಗೆ ಇಳಿಯಬಹುದು. ಬೇರೆಡೆ ಅಗ್ಗ ಇದ್ದರೆ ಗೆಸ್ಟ್ ಇವರ ಪುಟ ನೋಡಿ ಅಲ್ಲಿ ಬುಕ್ ಮಾಡುತ್ತಾನೆ, ಇಲ್ಲಿ ನೋಡಿದವರಲ್ಲಿ ಬುಕ್ ಮಾಡಿದವರ ಪ್ರಮಾಣ ಕುಸಿಯುತ್ತದೆ, ಅದರ ಹಿಂದೆಯೇ ರ‍್ಯಾಂಕಿಂಗೂ ಇಳಿಯುತ್ತದೆ. ಹಾಗಾಗಿ ಮೇಲ್‌ಗೆ ಉತ್ತರ ಕೊಡಿ. ಯಾವ ಸೈಟು, ಯಾವ ದಿನಾಂಕ, ಎಷ್ಟು ರೇಟು ಎಂದು ಸ್ಕ್ರೀನ್‌ಶಾಟ್ ಕೇಳಿ. ಅವರ ಬಳಿ ರೇಟು ಹೋಲಿಸುವ ಟೂಲ್ ಇರುತ್ತದೆ, ಸೋರಿಕೆ ಹುಡುಕಲು ಆ ಮಾಹಿತಿ ನಿಮಗೇ ಉಪಯೋಗ.

ಮೈಸೂರು_14ರೂಮು

ನೋಡಿದೆ. ವೋಚರ್‌ನಲ್ಲಿ ರೂಮ್ ಚಾರ್ಜ್ 2,430 ಎಂದೇ ಇದೆ. Promotions ಪುಟದಲ್ಲಿ ಎರಡು ಆನ್ ಇವೆ: ಎಲ್ಲರಿಗೂ 10% ಇರುವ ಒಂದು, ಮೊಬೈಲ್‌ಗೆ 10% ಇನ್ನೊಂದು. ಮೊಬೈಲ್‌ನದು ಹಳೆಯ ಮ್ಯಾನೇಜರ್ ಇದ್ದಾಗ ಆನ್ ಆಗಿದ್ದು, ಕೊನೆಯ ದಿನಾಂಕವೇ ಇಟ್ಟಿಲ್ಲ. ಬೆಂಗಳೂರಿನ ಒಬ್ಬ ಹೋಲ್‌ಸೇಲರ್‌ಗೆ ಗ್ರೂಪ್ ಬುಕಿಂಗಿಗೆಂದು 1,900 ನೆಟ್ ಕೊಟ್ಟಿದ್ದೇವೆ, ವರ್ಷವಿಡೀ ಅದೇ ರೇಟು.

ಲೆಕ್ಕದ_ಪುಸ್ತಕ

ಹಾಗಿದ್ದರೆ 1,963.44ರ ಲೆಕ್ಕ ಬಿಡಿಸಿಬಿಡೋಣ. 3,000ಕ್ಕೆ ಮೊದಲ 10% ಹೋಗಿ 2,700. ಅದರ ಮೇಲೆ ಮತ್ತೆ 10% ಹೋಗಿ 2,430. ಅಂದರೆ ಒಟ್ಟು 19% ಇಳಿಕೆ. ಇದಕ್ಕೆ ರೂಮಿನ ಜಿಎಸ್‌ಟಿ 5%, ಅಂದರೆ 121.50 ಸೇರಿ ಗೆಸ್ಟ್ ಕಟ್ಟಿದ್ದು 2,551.50.

ಆ್ಯಪ್‌ನವರು ಅದರಲ್ಲಿ ಹಿಡಿದುಕೊಂಡದ್ದು ಹೀಗೆ: 2,430ರ ಮೇಲೆ 20% ಕಮಿಷನ್ 486. ಆ ಕಮಿಷನ್ ಮೇಲೆ 18% ಜಿಎಸ್‌ಟಿ 87.48. ಜಿಎಸ್‌ಟಿಯ ಟಿಸಿಎಸ್ 0.5%, ಅಂದರೆ 12.15. ಆದಾಯ ತೆರಿಗೆಯ ಟಿಡಿಎಸ್ 0.1%, ಅಂದರೆ 2.43. ಇವೆಲ್ಲ ಕಳೆದರೆ ಸರಿಯಾಗಿ 1,963.44.

ಆದರೆ ಈ ದುಡ್ಡೂ ಪೂರ್ತಿ ನಿಮ್ಮದಲ್ಲ. ಅದರಲ್ಲಿ 121.50 ರೂಮಿನ ಜಿಎಸ್‌ಟಿ, ನೀವು ಸರ್ಕಾರಕ್ಕೆ ಕಟ್ಟಬೇಕಾದದ್ದು. ಟಿಸಿಎಸ್ ಮತ್ತು ಟಿಡಿಎಸ್ ಸೇರಿ 14.58 ನಿಮಗೆ ವಾಪಸ್ ಸಿಗುವಂಥದ್ದು. ಕೊನೆಗೆ ಕೈಗೆ ಉಳಿಯುವುದು 1,856.52. ಇದರಲ್ಲೇ ಇಬ್ಬರ ತಿಂಡಿಯ ಖರ್ಚೂ ಹೋಗಬೇಕು. ತಿಂಡಿಯನ್ನು ರೂಮಿನ ಜೊತೆ ಸೇರಿಸಿ ಮಾರುವುದರಿಂದ ಅದರ ಮೇಲೂ ಕಮಿಷನ್ ಕಟ್ಟುತ್ತಿದ್ದೀರಿ ಎಂಬುದನ್ನೂ ಗಮನಿಸಿ.

ಟಿಸಿಎಸ್ ತಾನಾಗಿ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ತೆರೆದು, ಆ್ಯಪ್‌ನವರು ತೋರಿಸಿದ ಮೊತ್ತವನ್ನು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ, ಒಪ್ಪಿ ಫೈಲ್ ಮಾಡಿದರೆ ಮಾತ್ರ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಎಷ್ಟೋ ಚಿಕ್ಕ ಹೋಟೆಲುಗಳು ಇದನ್ನು ತೆರೆದೇ ನೋಡಿರುವುದಿಲ್ಲ.

ಹೊಸಪೇಟೆ_ಲಾಡ್ಜ್

ಅಲ್ರೀ, ಕಮಿಷನ್ ಮ್ಯಾಲಿನ 87.48 ಯಾಕ ಖರ್ಚಿಗೆ ಹಿಡದ್ರಿ? ಅದು ಇನ್‌ಪುಟ್ ಕ್ರೆಡಿಟ್ ಬರತೈತಲ್ಲ. ನಮ್ಮ ಆಡಿಟರ್ ಪ್ರತಿ ತಿಂಗಳು ತಗೊಂಡಾರ.

ಲೆಕ್ಕದ_ಪುಸ್ತಕ

ಮೊದಲು ಬರುತ್ತಿತ್ತು, ಸರ್. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 12% ಇದ್ದಾಗ ಕ್ರೆಡಿಟ್ ತೆಗೆದುಕೊಳ್ಳಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ ಅದೇ ರೂಮುಗಳಿಗೆ 5% ಆಯಿತು, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಬೇಕಾದರೆ ಹೆಚ್ಚು ದರ ಕಟ್ಟಿ ಕ್ರೆಡಿಟ್ ತೆಗೆದುಕೊಳ್ಳುತ್ತೇನೆ ಎನ್ನುವ ಆಯ್ಕೆಯೂ ಇಲ್ಲ. ಗೆಸ್ಟ್‌ಗೆ ತೆರಿಗೆ ಇಳಿಯಿತು ಎಂದು ಎಲ್ಲರೂ ಖುಷಿಪಟ್ಟರು. ಕಮಿಷನ್ ಮೇಲಿನ 18% ಹೋಟೆಲಿನ ಖರ್ಚಾಯಿತು ಎನ್ನುವುದನ್ನು ಗಮನಿಸಿದವರು ಕಡಿಮೆ. ಈಗ 20% ಕಮಿಷನ್ ಎಂದರೆ ವಾಸ್ತವದಲ್ಲಿ 23.6%. ಆ ದಿನಾಂಕದ ನಂತರವೂ ಕ್ರೆಡಿಟ್ ತೆಗೆದುಕೊಂಡಿದ್ದರೆ ಆಡಿಟರ್ ಜೊತೆ ಕೂತು ಈಗಲೇ ನೋಡಿಸಿ, ತಡವಾದಷ್ಟೂ ಬಡ್ಡಿ ಸೇರುತ್ತದೆ. ನಿಮ್ಮಲ್ಲಿ 7,500 ಮೀರಿದ ರೂಮುಗಳೂ ಇದ್ದರೆ, ಆ 18%ರ ಭಾಗಕ್ಕೆ ಸಂಬಂಧಪಟ್ಟಷ್ಟು ಕ್ರೆಡಿಟ್ ಮಾತ್ರ ಸಿಗುತ್ತದೆ.

ಇನ್ನೂ ಒಂದು. ಕಮಿಷನ್ ಬಿಲ್ ಮೇಲೆ ವಿದೇಶದ ವಿಳಾಸ ಇದ್ದು, ಭಾರತದ ಜಿಎಸ್‌ಟಿ ನಂಬರ್ ಇಲ್ಲದೆ ಬಂದರೆ, ಅಂದರೆ ತೆರಿಗೆ ಹಾಕದೆ ಬಂದರೆ, ಅಗ್ಗವಾಯಿತು ಅಂದುಕೊಳ್ಳಬೇಡಿ. ರಿವರ್ಸ್ ಚಾರ್ಜ್‌ನಲ್ಲಿ ಆ 18% ನೀವೇ ಕಟ್ಟಬೇಕು. ಅದರದ್ದೂ ಕ್ರೆಡಿಟ್ ಸಿಗುವುದಿಲ್ಲ.

ಹೊಸಪೇಟೆ_ಲಾಡ್ಜ್

ಹೌದಾ? ಸೋಮವಾರಾನ ಆಡಿಟರ್ ಹತ್ರ ಕೇಳ್ತೀನಿ. ಥ್ಯಾಂಕ್ಸ್ ರೀ.

ಕೊಡಗು_ಹೋಂಸ್ಟೇ

ನಮ್ಮದು ಮೂರೇ ರೂಮು, ಜಿಎಸ್‌ಟಿ ನಂಬರ್ ಇಲ್ಲ, ವರ್ಷದ ವಹಿವಾಟು 20 ಲಕ್ಷದ ಒಳಗೆ. ಹಾಗಾದರೆ ನಾವೂ 5% ಕಟ್ಟಬೇಕಾ? ಇಷ್ಟು ದಿನ ಕಟ್ಟಿಲ್ಲ, ಭಯ ಆಗ್ತಿದೆ.

ಲೆಕ್ಕದ_ಪುಸ್ತಕ

ಇಲ್ಲಿ ಕೇಳಿದ ಪ್ರಶ್ನೆ ಬೇರೆ ಮೇಡಂ, ಆದರೂ ಹೇಳುತ್ತೇನೆ. ನೋಂದಣಿ ಬೇಕಿಲ್ಲದ ಚಿಕ್ಕ ಹೋಂಸ್ಟೇ ರೂಮನ್ನು ಆ್ಯಪ್ ಮೂಲಕ ಮಾರಿದಾಗ, ಆ ರೂಮಿನ ಜಿಎಸ್‌ಟಿಯನ್ನು ಆ್ಯಪ್‌ನವರೇ ಗೆಸ್ಟ್‌ನಿಂದ ತೆಗೆದುಕೊಂಡು ಕಟ್ಟಬೇಕು, ಕಾಯ್ದೆಯ 9(5)ನೇ ಕಲಂ ಪ್ರಕಾರ. ನೀವು ಕಟ್ಟಬೇಕಿಲ್ಲ. ಕಮಿಷನ್ ಮೇಲಿನ 18% ಮಾತ್ರ ನಿಮ್ಮ ಪಾವತಿಯಿಂದ ಹೋಗುತ್ತದೆ. 20 ಲಕ್ಷದ ಲೆಕ್ಕಕ್ಕೆ ಆ್ಯಪ್‌ನಿಂದ ಬಂದದ್ದು, ನೇರವಾಗಿ ಬಂದದ್ದು ಎರಡೂ ಸೇರುತ್ತದೆ. ಅದೂ ಕಮಿಷನ್ ಕಳೆದು ಬ್ಯಾಂಕಿಗೆ ಬಂದ ಮೊತ್ತವಲ್ಲ, ಗೆಸ್ಟ್ ಕೊಟ್ಟ ರೂಮ್ ಬಾಡಿಗೆಯ ಪೂರ್ತಿ ಮೊತ್ತ. ಮಿತಿಯ ಹತ್ತಿರ ಇದ್ದರೆ ಇಲ್ಲೇ ತಪ್ಪಾಗುವುದು. ವಿದೇಶಿ ಸೈಟಿನಿಂದ ತೆರಿಗೆ ಇಲ್ಲದ ಕಮಿಷನ್ ಬಿಲ್ ಬರುತ್ತಿದ್ದರೆ ಮಾತ್ರ ಬೇರೆ ಪೋಸ್ಟ್ ಹಾಕಿ ಕೇಳಿ, ಅದು ಸ್ವಲ್ಪ ಉದ್ದದ ವಿಷಯ.

ದರಪಟ್ಟಿ

ಈಗ 2,185ಕ್ಕೆ ಬರೋಣ. 1,900ರ ಮೇಲೆ 15% ಮಾರ್ಜಿನ್ ಹಾಕಿದರೆ ಸರಿಯಾಗಿ 2,185. ಅದು ಹೋಲ್‌ಸೇಲರ್‌ಗೆ ಕೊಟ್ಟ ರೇಟೇ ಸೋರಿರಬೇಕು. ಸಾಮಾನ್ಯವಾಗಿ ಹೋಲ್‌ಸೇಲರ್ ಅದನ್ನು ಇನ್ನೊಬ್ಬ ದೊಡ್ಡ ಸಗಟು ಮಾರಾಟಗಾರರ ಸಿಸ್ಟಮ್‌ಗೆ ಹಾಕುತ್ತಾನೆ, ಅಲ್ಲಿಂದ ಯಾವ ಸೈಟು ಬೇಕಾದರೂ ಎತ್ತಿಕೊಳ್ಳುತ್ತದೆ. ಹಾಗಾಗಿಯೇ ನೀವು ಒಪ್ಪಂದ ಮಾಡಿಕೊಳ್ಳದ ಸೈಟಿನಲ್ಲೂ ನಿಮ್ಮ ಹೋಟೆಲು ಇದೆ.

ಆದರೆ ಅಂಕಿ ಹೊಂದಿಕೆಯಾಯಿತು ಎಂದು ಆರೋಪ ಹೊರಿಸಬೇಡಿ, ಸಾಕ್ಷಿ ಬೇಕು. ಆ ಸೈಟಿನಲ್ಲಿ ಉಚಿತ ಕ್ಯಾನ್ಸಲೇಶನ್ ಇರುವ ರೇಟಿನಲ್ಲಿ, ಒಂದೂವರೆ ಎರಡು ತಿಂಗಳು ಮುಂದಿನ ಒಂದು ಮಂಗಳವಾರಕ್ಕೆ ಟೆಸ್ಟ್ ಬುಕಿಂಗ್ ಮಾಡಿ. ಗೆಸ್ಟ್ ಹೆಸರು ನಿಮ್ಮವರೇ ಯಾರದಾದರೂ ಇರಲಿ. ಆಮೇಲೆ ನಿಮ್ಮ ಫ್ರಂಟ್ ಆಫೀಸ್‌ಗೆ ಆ ಹೆಸರಿನ ಬುಕಿಂಗ್ ಯಾರ ಕಡೆಯಿಂದ ಬರುತ್ತದೆ ಕಾಯಿರಿ. ವೋಚರ್‌ನಲ್ಲಿ ಬುಕ್ ಮಾಡಿದ ಏಜೆನ್ಸಿ ಯಾವುದು, ಹಣ ಕೊಡುವವರು ಯಾರು ಎಂದು ಇರುತ್ತದೆ. ಕೆಲವೊಮ್ಮೆ ಬುಕಿಂಗ್ ತಕ್ಷಣ ಬರುವುದಿಲ್ಲ, ಚೆಕ್-ಇನ್‌ಗೆ ಎರಡು ಮೂರು ದಿನ ಇರುವಾಗ ಬರುತ್ತದೆ. ಆದ್ದರಿಂದ ಕ್ಯಾನ್ಸಲೇಶನ್ ಗಡುವು ಚೆಕ್-ಇನ್‌ಗೆ ಆದಷ್ಟು ಹತ್ತಿರ ಇರುವ ರೇಟನ್ನೇ ಆರಿಸಿ, ಗಡುವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಹೆಸರು ಸಿಕ್ಕ ಮೇಲೆ ಹೋಲ್‌ಸೇಲರ್‌ಗೆ ಸ್ಕ್ರೀನ್‌ಶಾಟ್, ವೋಚರ್ ಸಮೇತ ಮೇಲ್ ಮಾಡಿ: ಈ ನೆಟ್ ರೇಟು ಪ್ಯಾಕೇಜ್ ಒಳಗೆ ಸೇರಿಸಿ ಮಾರಲು ಮಾತ್ರ, ರೂಮನ್ನು ಒಂಟಿಯಾಗಿ ಆನ್‌ಲೈನ್‌ನಲ್ಲಿ ಮಾರುವಂತಿಲ್ಲ, ಇಷ್ಟು ದಿನದೊಳಗೆ ತೆಗೆಸಿ. ಒಪ್ಪಂದದಲ್ಲಿ ಈ ಮಾತು ಇಲ್ಲದಿದ್ದರೆ ಸದ್ಯಕ್ಕೆ ಮನವಿ ಮಾಡಬಹುದು ಅಷ್ಟೆ, ನವೀಕರಣದ ವೇಳೆ ಸೇರಿಸಿ. ಅದಕ್ಕಿಂತ ಮುಖ್ಯವಾಗಿ, ವರ್ಷವಿಡೀ ಒಂದೇ 1,900 ಕೊಡುವ ಪದ್ಧತಿ ಬಿಡಿ. ದಸರಾ ವಾರದಲ್ಲಿ ನಿಮ್ಮ ರೂಮು 4,500ಕ್ಕೆ ಹೋಗುವಾಗಲೂ ಆ ಸೈಟಿನಲ್ಲಿ 2,185 ಇರುತ್ತದೆ, ಆಗಲೇ ದೊಡ್ಡ ಪೆಟ್ಟು. ಅವತ್ತಿನ ಓಪನ್ ರೇಟಿಗಿಂತ ಇಂತಿಷ್ಟು ಪರ್ಸೆಂಟ್ ಕಡಿಮೆ ಎಂದು ಮಾಡಿಕೊಳ್ಳಿ. ಗ್ರೂಪ್‌ಗೆ ಮಾತ್ರ ಎಂದಿದ್ದರೆ ಕನಿಷ್ಠ 5 ರೂಮ್ ಎಂಬ ಷರತ್ತು ಹಾಕಿ, ಸೋರುವುದು ಬಹುಪಾಲು ನಿಲ್ಲುತ್ತದೆ.

ಮೈಸೂರು_14ರೂಮು

ಅರ್ಥವಾಯಿತು ಸರ್, ಟೆಸ್ಟ್ ಬುಕಿಂಗ್ ಇವತ್ತೇ ಮಾಡುತ್ತೇನೆ. ಈಗ ಮೊದಲನೇ ಆ್ಯಪ್‌ನ ಡಿಸ್ಕೌಂಟ್ ಎರಡನ್ನೂ ತೆಗೆದುಬಿಡಲೇ? ನಮಗೆ ರೂಮಿಗೆ ಕನಿಷ್ಠ 2,000 ಉಳಿಯಬೇಕು.

ದರಪಟ್ಟಿ

ಎರಡನ್ನೂ ಒಮ್ಮೆಗೇ ತೆಗೆಯಬೇಡಿ. ಮೊದಲು ಲೆಕ್ಕ. ಕೈಗೆ 2,000 ಬೇಕಾದರೆ, 23.6% ಹೋದ ಮೇಲೆ ಅಷ್ಟು ಉಳಿಯಬೇಕು. 2,000 ಭಾಗಿಸು 0.764, ಸುಮಾರು 2,618. ಅಂದರೆ ಗೆಸ್ಟ್ ಕಾಣುವ ರೇಟು 2,618ಕ್ಕಿಂತ ಇಳಿಯಬಾರದು. ಎರಡು ಡಿಸ್ಕೌಂಟೂ ಇಟ್ಟುಕೊಂಡರೆ 2,618 ಭಾಗಿಸು 0.81, ಸುಮಾರು 3,232 ಲೋಡ್ ಮಾಡಬೇಕು. ಮೊಬೈಲ್ ಡಿಸ್ಕೌಂಟು ಒಂದನ್ನೇ ತೆಗೆದರೆ ಈಗಿನ 3,000 ಸಾಕು, ಗೆಸ್ಟ್‌ಗೆ 2,700 ಕಾಣುತ್ತದೆ, ನಿಮಗೆ 2,062.80 ಉಳಿಯುತ್ತದೆ.

ಮೊಬೈಲ್ ರೇಟಿನಿಂದ ಲಿಸ್ಟಿಂಗ್ ಮೇಲೆ ಬರುವುದು ನಿಜ. ಬುಕಿಂಗ್ ಬಹುಪಾಲು ಮೊಬೈಲ್‌ನಲ್ಲೇ ಆಗುವುದೂ ನಿಜ. ಹಾಗಾಗಿ ಸೋಮವಾರದಿಂದ ಗುರುವಾರದ ವಾಸ್ತವ್ಯಕ್ಕೆ ಮಾತ್ರ ಅದನ್ನು ಇಟ್ಟುಕೊಂಡು, ಶುಕ್ರ, ಶನಿ, ಸಾಲು ರಜೆ, ದಸರಾ ದಿನಗಳಿಗೆ ಬ್ಲ್ಯಾಕ್‌ಔಟ್ ಹಾಕಿ. ರೂಮು ಹೇಗೂ ತುಂಬುವ ದಿನ ಡಿಸ್ಕೌಂಟು ಕೊಡುವುದು ಶುದ್ಧ ನಷ್ಟ. ಇಲ್ಲಿ ಜನ ಎಡವುವುದು ಒಂದೇ ಕಡೆ: ಪ್ರಮೋಶನ್‌ನಲ್ಲಿ ಬುಕ್ ಮಾಡುವ ದಿನಾಂಕ ಬೇರೆ, ತಂಗುವ ದಿನಾಂಕ ಬೇರೆ. ಬುಕಿಂಗ್ ದಿನಾಂಕಕ್ಕೆ ಮಿತಿ ಹಾಕಿ ತಂಗುವ ದಿನಾಂಕ ಮರೆತರೆ, ಮಂಗಳವಾರ ಕೂತು ದಸರೆಯ ಶನಿವಾರಕ್ಕೆ ಡಿಸ್ಕೌಂಟಿನಲ್ಲಿ ಬುಕ್ ಮಾಡುತ್ತಾರೆ. ಸೇವ್ ಮಾಡಿದ ಮೇಲೆ ಒಂದು ಶನಿವಾರ, ಒಂದು ಬುಧವಾರ ಮೊಬೈಲ್‌ನಲ್ಲಿ ತೆಗೆದು ನೋಡಿ.

ಬುಕಿಂಗ್ ಡಾಟ್ ಕಾಮ್‌ನ ಜೀನಿಯಸ್‌ನಂಥ ಮೆಂಬರ್ ಡಿಸ್ಕೌಂಟುಗಳೂ ಹೀಗೇ, ಬೇರೆ ಡಿಸ್ಕೌಂಟಿನ ಮೇಲೆ ಕೂರುತ್ತವೆ. ಸೇರುವ ಮೊದಲು ಎಲ್ಲವನ್ನೂ ಒಂದರ ಮೇಲೊಂದು ಗುಣಿಸಿ ಕೊನೆಯ ಅಂಕಿ ನೋಡಿ.

ಗೋಕರ್ಣ_ಕಡಲು

ಅಷ್ಟೆಲ್ಲ ಲೆಕ್ಕಕ್ಕಿಂತ ಸ್ವಂತ ವೆಬ್‌ಸೈಟ್‌ನಲ್ಲಿ 200 ಕಮ್ಮಿ ಹಾಕುವುದು ಸುಲಭ ಅಲ್ವಾ? ಅದರಲ್ಲಿ ಕಮಿಷನ್ನೇ ಇಲ್ಲ.

ದರಪಟ್ಟಿ

ಕಮಿಷನ್ ಇಲ್ಲ, ಆದರೆ ಪೇಮೆಂಟ್ ಗೇಟ್‌ವೇ ಇದೆ. ಕಾರ್ಡಿಗೆ 2% ಎಂದುಕೊಂಡರೆ ಅದರ ಜಿಎಸ್‌ಟಿ ಸೇರಿ 2.36%. 2,700 ಮತ್ತು ತೆರಿಗೆ ಸೇರಿ 2,835 ಬಂದರೆ ಸುಮಾರು 67 ರೂಪಾಯಿ ಹೋಗುತ್ತದೆ, 135 ತೆರಿಗೆಯೂ ಹೋದ ಮೇಲೆ 2,633 ಉಳಿಯುತ್ತದೆ. ಆ್ಯಪ್‌ನ 2,700ರಲ್ಲಿ ಉಳಿಯುವ 2,062.80ಕ್ಕಿಂತ ಸುಮಾರು 570 ಹೆಚ್ಚು. ಈ 570ರಲ್ಲಿ ಗೆಸ್ಟ್‌ಗೆ ಏನು ಕೊಡಬೇಕು ಎಂಬುದೇ ಪ್ರಶ್ನೆ. ನನ್ನ ಪ್ರಕಾರ ಎಲ್ಲರಿಗೂ ಕಾಣುವ ರೇಟು ಆ್ಯಪ್‌ನಷ್ಟೇ ಇರಲಿ, ಮೇಲೆ ಬೇಗ ಚೆಕ್-ಇನ್, ಸಂಜೆ ಕಾಫಿ ಬೋಂಡಾ, ರೈಲ್ವೆ ಸ್ಟೇಷನ್ನಿಂದ ಪಿಕಪ್ ಇಂಥದ್ದು ಕೊಡಿ. ರೇಟು ಕಡಿಮೆ ಮಾಡುವುದೇ ಆದರೆ ಫೋನು, ವಾಟ್ಸ್‌ಆ್ಯಪ್‌ನಲ್ಲಿ ಕೇಳಿದವರಿಗೆ ಮಾತ್ರ.

ಹೊಸಪೇಟೆ_ಲಾಡ್ಜ್

ನಾ ಇದಕ್ಕ ಒಪ್ಪಂಗಿಲ್ರೀ. ಗೂಗಲ್‌ನ್ಯಾಗ ಹೋಟೆಲ್ ಹೆಸರು ಹುಡುಕಿದ್ರ ಎಲ್ಲಾ ಸೈಟಿನ ರೇಟು ಸಾಲಾಗಿ ಬರತಾವ. 2021ರಿಂದ ಹೋಟೆಲಿನವ್ರ ಸ್ವಂತ ಲಿಂಕೂ ಅಲ್ಲಿ ಪುಕ್ಕಟೆ ಬರತೈತಿ, ಬುಕಿಂಗ್ ಎಂಜಿನ್ ಗೂಗಲ್‌ಗೆ ಜೋಡಿಸಿದ್ರ ಸಾಕು. ಅಲ್ಲಿ ಎಲ್ಲಾರದೂ 2,700 ಇದ್ರ ಗೆಸ್ಟ್ ತನಗ ಗೊತ್ತಿರೋ ಆ್ಯಪ್ಪೇ ಒತ್ತತಾನ. 100 ಕಮ್ಮಿ ಕಂಡ್ರ ನಮ್ಮ ಲಿಂಕ್ ಒತ್ತತಾನ. ಬೋಂಡಾ ಅಲ್ಲಿ ಕಾಣಂಗಿಲ್ರಿ.

ದರಪಟ್ಟಿ

ಆ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ 14 ರೂಮಿನಲ್ಲಿ ಒಟಿಎ ಪಾಲು ಎಷ್ಟು ಎನ್ನುವುದರ ಮೇಲೆ ನಿಂತಿದೆ. ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿದ್ದರೆ, ರ‍್ಯಾಂಕಿಂಗ್ ಬಿದ್ದ ಒಂದು ತಿಂಗಳ ನಷ್ಟ ಆ 100 ರೂಪಾಯಿಯ ಲಾಭವನ್ನು ನುಂಗುತ್ತದೆ. ಗೂಗಲ್‌ಗೆ ಜೋಡಿಸುವುದನ್ನು ಮಾತ್ರ ಯಾವುದೇ ದಾರಿ ಹಿಡಿದರೂ ಮಾಡಿ. ಅಲ್ಲಿ ಕಾಣುವ ರೇಟೂ ನಿಮ್ಮ ಪುಟ ತೆರೆದಾಗ ಬರುವ ರೇಟೂ ಒಂದೇ ಇರಬೇಕು, ತೆರಿಗೆ ಸೇರಿ. ಹೊಂದದಿದ್ದರೆ ಗೂಗಲ್ ಲಿಂಕನ್ನೇ ತೋರಿಸುವುದು ನಿಲ್ಲಿಸಬಹುದು.

ಮೈಸೂರು_14ರೂಮು

ನಮ್ಮಲ್ಲಿ ಒಟಿಎ ಪಾಲು ಸುಮಾರು 60%. ಸದ್ಯಕ್ಕೆ ವೆಬ್‌ಸೈಟ್ 2,700 ಹಾಗೇ ಇಡುತ್ತೇನೆ. ಮೊಬೈಲ್ ಡಿಸ್ಕೌಂಟನ್ನು ಸೋಮ-ಗುರುವಾರಕ್ಕೆ ಸೀಮಿತ ಮಾಡಿ ಸೇವ್ ಮಾಡಿದೆ, ಶನಿವಾರ ಈಗ 2,700 ತೋರಿಸುತ್ತಿದೆ. ಬುಧವಾರದ 2,430 ಮಾತ್ರ ನಿಮ್ಮ 2,618ಕ್ಕಿಂತ ಕೆಳಗೇ ಇದೆ. ಖಾಲಿ ಬಿಡುವುದಕ್ಕಿಂತ 1,856 ಬಂದರೆ ವಾಸಿಯಾ, ಅಥವಾ ವಾರದ ದಿನಕ್ಕೂ 3,232 ಲೋಡ್ ಮಾಡಲೇ?

ಲೆಕ್ಕದ_ಪುಸ್ತಕ

ಅದಕ್ಕೆ ನಿಮ್ಮ ಒಂದು ರೂಮು ಒಂದು ದಿನ ಭರ್ತಿಯಾದರೆ ಆಗುವ ಹೆಚ್ಚುವರಿ ಖರ್ಚು ಬೇಕು: ಲಾಂಡ್ರಿ, ತಿಂಡಿ, ಕರೆಂಟು, ಸೋಪು ಶಾಂಪೂ. ಸಂಬಳ, ಬಾಡಿಗೆ ಸೇರಿಸಬೇಡಿ, ಅವು ರೂಮು ಖಾಲಿ ಇದ್ದರೂ ಹೋಗುತ್ತವೆ. ಆ 2,000ದಲ್ಲಿ ಸಂಬಳದ ಪಾಲೂ ಸೇರಿದೆಯಾ? ಸೇರಿದ್ದರೆ ಬುಧವಾರಕ್ಕೆ ಅದನ್ನು ಗೆರೆಯಾಗಿ ಇಟ್ಟುಕೊಳ್ಳಬೇಕಿಲ್ಲ. ಅಂಕಿ ಹಾಕಿ, ನೋಡೋಣ.